ಬೀಪ್ ಬಂತು ಅಂದ್ರೆ ಲಾಕ್ ಆಯ್ತು ಅಂತಲ್ಲ

ಕಾರಿನ ರಿಮೋಟ್ ಒತ್ತಿದಾಗ 'ಬೀಪ್' ಅಂತ ಸದ್ದು ಬಂದು ಇಂಡಿಕೇಟರ್ ಒಂದು ಸಲ ಮಿನುಗಿದರೆ ಸಾಕು, ತಿರುಗಿ ನೋಡದೆ ಹೊರಟುಬಿಡ್ತೀವಿ. ನಾಲ್ಕೂ ಬಾಗಿಲು ಲಾಕ್ ಆಗಿದೆ ಅನ್ನೋದು ನಮ್ಮ ನಂಬಿಕೆ. ಆದರೆ ಹಳೇ ಕಾರುಗಳಲ್ಲಿ, ಅದರಲ್ಲೂ ಆಮೇಲೆ ಹೊರಗಡೆ ಸೆಂಟ್ರಲ್ ಲಾಕಿಂಗ್ ಕಿಟ್ ಹಾಕಿಸಿದ ಕಾರುಗಳಲ್ಲಿ, ಆ ಬೀಪ್ ಹೇಳೋದು ಒಂದೇ ಮಾತು: "ನಾನು ಆರ್ಡರ್ ಕೊಟ್ಟಿದ್ದೀನಿ." ಬಾಗಿಲು ಆ ಆರ್ಡರ್ ಕೇಳಿಸಿಕೊಂಡಿತಾ ಇಲ್ವಾ ಅನ್ನೋದು ಅದಕ್ಕೆ ಗೊತ್ತೇ ಇಲ್ಲ. ಗೊತ್ತಾಗೋಕೆ ವೈರೇ ಹಾಕಿಲ್ಲ.

ಕಂಟ್ರೋಲ್ ಸಿಸ್ಟಮ್ಸ್ ಕ್ಲಾಸಿನಲ್ಲಿ ಓಪನ್ ಲೂಪ್, ಕ್ಲೋಸ್ಡ್ ಲೂಪ್ ಅಂತ ಎರಡು ಬ್ಲಾಕ್ ಡಯಾಗ್ರಾಮ್ ಬರೆದು ಐದು ಮಾರ್ಕ್ಸ್ ತಗೊಂಡಿದ್ದೀವಲ್ಲ, ಅದೇ ವಿಷಯ ಇದು. ಈ ಕಿಟ್‌ನಲ್ಲಿ ಡ್ರೈವರ್ ಬಾಗಿಲ ಲಾಕ್ ಮೋಟರಿಗೆ ಐದು ವೈರು. ಎರಡು ಮೋಟರಿಗೆ, ಮೂರು ಒಳಗಿನ ಸ್ವಿಚ್ಚಿಗೆ. ಕೀ ತಿರುಗಿಸಿದರೆ ಆ ಸ್ವಿಚ್ ಬದಲಾಗಿ ಕಂಟ್ರೋಲ್ ಬಾಕ್ಸಿಗೆ ಸುದ್ದಿ ಮುಟ್ಟುತ್ತೆ. ಉಳಿದ ಮೂರು ಬಾಗಿಲುಗಳಿಗೆ ಎರಡೆರಡೇ ವೈರು. ಆ ಎರಡೂ ಮೋಟರಿಗೇ ಹೋಗುತ್ತವೆ, ವಾಪಸ್ ಏನನ್ನೂ ಹೇಳೋದಿಲ್ಲ. ಹಾಗಾಗಿ ಒಂದು ಹಿಂಬಾಗಿಲು ತಿಂಗಳುಗಟ್ಟಲೆ ತೆರೆದೇ ಇದ್ದರೂ ಬೀಪ್ ಮಾತ್ರ ದಿನಾ ತಪ್ಪದೆ ಬರ್ತಾ ಇರುತ್ತೆ. ಸೀಟಿನ ಮೇಲೆ ಲ್ಯಾಪ್‌ಟಾಪ್ ಬ್ಯಾಗ್ ಇಟ್ಟು ಹೋದವರಿಗೆ ಇದು ಸಣ್ಣ ವಿಷಯ ಅಲ್ಲ.

ಈ ಲೇಖನದಲ್ಲಿ ನಮ್ಮ ವಾದ ಒಂದೇ. ಸೆಂಟ್ರಲ್ ಲಾಕಿಂಗ್ ಅರ್ಧಂಬರ್ಧ ಕೆಟ್ಟಾಗ, ಅಂದರೆ ಕೆಲವು ಬಾಗಿಲು ಮಾತ್ರ ಲಾಕ್ ಆಗುತ್ತಾ ರಿಮೋಟ್ ಕೂಡ ಕೈಕೊಟ್ಟಾಗ, "ಪೂರ್ತಿ ಕಿಟ್ ಬದಲಾಯಿಸಿ" ಅನ್ನೋ ಮಾತಿಗೆ ತಲೆ ಆಡಿಸಬಾರದು. ಅರ್ಧ ಕೆಟ್ಟಿರೋದೇ ನಮಗೆ ಸಿಕ್ಕಿರೋ ಸುಳಿವು. ಆ ಸುಳಿವು ಓದೋಕೆ ಬೇಕಾಗಿರೋದು ಮೊದಲ ವರ್ಷದ ಬೇಸಿಕ್ ಎಲೆಕ್ಟ್ರಿಕಲ್ ಅಷ್ಟೇ. ಆದರೆ ಅದನ್ನ ನಮಗೆ ಕಲಿಸಿದ ರೀತಿಯಲ್ಲೇ ಒಂದು ಕೊರತೆ ಇದೆ ಅನ್ನೋದು ನಮ್ಮ ದೂರು. ಅದಕ್ಕೆ ಆಮೇಲೆ ಬರ್ತೀವಿ.

ಮೊದಲು ಒಂದು ಚೌಕ ಬರೆಯಿರಿ

ನಮ್ಮ ಕ್ಲಾಸ್‌ಮೇಟ್ ಒಬ್ಬನ ಚಿಕ್ಕಪ್ಪನ ಹನ್ನೆರಡು ವರ್ಷ ಹಳೇ ಹ್ಯಾಚ್‌ಬ್ಯಾಕ್ ಕಾರಿನ ಉದಾಹರಣೆ ತಗೊಳ್ಳೋಣ. ಬೇಸ್ ಮಾಡೆಲ್, ಕಿಟ್ ಆಮೇಲೆ ಹಾಕಿಸಿದ್ದು. ರಿಮೋಟ್ ಒತ್ತಿದರೆ ಸಾಮಾನ್ಯವಾಗಿ ಏನೂ ಆಗ್ತಿರಲಿಲ್ಲ. ವಿಂಡ್‌ಶೀಲ್ಡಿಗೆ ಎರಡು ಗೇಣು ಹತ್ತಿರ ಹಿಡಿದು ಮೂರ್ನಾಲ್ಕು ಸಲ ಒತ್ತಿದರೆ ಒಂದು ಸಲ ಕೆಲಸ ಮಾಡ್ತಿತ್ತು. ಕೀ ಹಾಕಿ ಡ್ರೈವರ್ ಬಾಗಿಲು ಲಾಕ್ ಮಾಡಿದರೆ ಮುಂದಿನ ಎಡಬಾಗಿಲು, ಹಿಂದಿನ ಬಲಬಾಗಿಲು ಲಾಕ್ ಆಗ್ತಿದ್ದವು. ಹಿಂದಿನ ಎಡಬಾಗಿಲು ಮಾತ್ರ ಹಾಗೇ ಕೂತಿರುತ್ತಿತ್ತು. ಒಂದು ಗ್ಯಾರೇಜಿನಲ್ಲಿ, "ಕಂಟ್ರೋಲ್ ಬಾಕ್ಸ್ ಹೋಗಿದೆ ಸಾರ್, ಫುಲ್ ಕಿಟ್ ಹಾಕ್ಬೇಕು" ಅಂದಿದ್ದರಂತೆ.

"ರಿಮೋಟೂ ಹೋಗಿದೆ, ಬಾಗಿಲೂ ಹೋಗಿದೆ. ಎರಡಕ್ಕೂ ನಡುವೆ ಇರೋದು ಆ ಬಾಕ್ಸ್ ತಾನೇನ್ರಪ್ಪಾ?" ಅಂತ ಚಿಕ್ಕಪ್ಪ ಕೇಳಿದರು. ಒಳ್ಳೇ ಪ್ರಶ್ನೆ, ತರ್ಕ ಕೂಡ ಸರಿಯಾಗಿಯೇ ಇದೆ. ಎರಡು ಲಕ್ಷಣಕ್ಕೆ ಒಂದೇ ಕಾರಣ ಹುಡುಕೋದು ಎಲ್ಲರ ಸಹಜ ಬುದ್ಧಿ. ಆದರೆ ಅದನ್ನ ನಂಬೋಕೆ ಮುಂಚೆ ಒಂದು ಚೌಕ ಬರೆದು ನೋಡಬೇಕು.

ಮೇಲಿಂದ ಕೆಳಗೆ ಆರ್ಡರ್ ಕೊಡೋ ದಾರಿಗಳನ್ನ ಬರೆಯಿರಿ: ರಿಮೋಟ್, ಡ್ರೈವರ್ ಬಾಗಿಲ ಕೀ. ಎಡದಿಂದ ಬಲಕ್ಕೆ ನಾಲ್ಕು ಬಾಗಿಲು. ಒಂದೊಂದು ಖಾನೆಯಲ್ಲೂ ಲಾಕ್ ಆಯ್ತಾ, ಅನ್‌ಲಾಕ್ ಆಯ್ತಾ ಅಂತ ಗುರುತು ಹಾಕಿ. ಇದನ್ನ ಮಾಡುವಾಗ ಒಂದು ಕಿಟಕಿ ಗ್ಲಾಸ್ ಇಳಿಸಿಡಿ, ಕೀ ಜೇಬಲ್ಲೇ ಇರಲಿ. ಟೆಸ್ಟ್ ಮಾಡ್ತಾ ಮಾಡ್ತಾ ಕೀ ಒಳಗೆ ಬಿಟ್ಟು ಲಾಕ್ ಆದರೆ ಕತೆ ಬೇರೆ ಆಗುತ್ತೆ.

ಈಗ ಚೌಕ ಓದೋದು. ಒಂದು ಇಡೀ ಅಡ್ಡಸಾಲು ಖಾಲಿ ಇದ್ದರೆ ತೊಂದರೆ ಆರ್ಡರ್ ಕೊಡೋ ಕಡೆ. ಒಂದು ಇಡೀ ಕಂಬಸಾಲು ಖಾಲಿ ಇದ್ದರೆ ತೊಂದರೆ ಆ ಬಾಗಿಲ ಕಡೆ. ಯಾಕೆ ಅಂದರೆ ರಿಮೋಟ್ ಗಾಳಿಯಲ್ಲಿ ಕಳಿಸೋದು "ಲಾಕ್ ಮಾಡು" ಅನ್ನೋ ಒಂದೇ ಸಂದೇಶ. ಅದರಲ್ಲಿ ಬಾಗಿಲಿನ ಲೆಕ್ಕ ಇಲ್ಲ. ಕಂಟ್ರೋಲ್ ಬಾಕ್ಸಿನಿಂದ ಹೊರಡೋ ಕರೆಂಟ್ ಎಲ್ಲಾ ಬಾಗಿಲಿನ ಮೋಟರುಗಳಿಗೂ ಪ್ಯಾರಲಲ್ ಆಗಿ ಹಂಚಿಕೆ ಆಗುತ್ತೆ. ಹಾಗಾಗಿ ರಿಮೋಟಿನ ಸೆಲ್ ಎಷ್ಟೇ ವೀಕ್ ಆದರೂ ಮೂರು ಬಾಗಿಲು ಲಾಕ್ ಮಾಡಿ ನಾಲ್ಕನೆಯದನ್ನ ಬಿಡೋಕೆ ಅದಕ್ಕೆ ಸಾಧ್ಯವೇ ಇಲ್ಲ. ಇಲ್ಲಿ ಒಂದೇ ಒಂದು ಅಪವಾದ. ಕಂಪನಿಯಿಂದಲೇ ಸೆಂಟ್ರಲ್ ಲಾಕಿಂಗ್ ಇರೋ ಕೆಲವು ಕಾರುಗಳಲ್ಲಿ ಅನ್‌ಲಾಕ್ ಬಟನ್ ಒಂದು ಸಲ ಒತ್ತಿದರೆ ಡ್ರೈವರ್ ಬಾಗಿಲು ಮಾತ್ರ, ಎರಡನೇ ಸಲ ಒತ್ತಿದರೆ ಎಲ್ಲವೂ ತೆರೆಯುವ ಸೆಟ್ಟಿಂಗ್ ಇರುತ್ತೆ. ಅದು ರಿಪೇರಿ ಕೇಸ್ ಅಲ್ಲ, ಮ್ಯಾನುಯಲ್ ಓದೋ ಕೇಸ್.

ಚಿಕ್ಕಪ್ಪನ ಕಾರಿನ ಚೌಕದಲ್ಲಿ ಕೀ ಕೊಟ್ಟ ಆರ್ಡರಿಗೆ ಹಿಂದಿನ ಎಡಬಾಗಿಲು ಕೇಳಲಿಲ್ಲ. ರಿಮೋಟ್ ಅಪ್ಪಿತಪ್ಪಿ ಕೆಲಸ ಮಾಡಿದಾಗಲೂ ಅದೇ ಬಾಗಿಲು ಕೇಳಲಿಲ್ಲ. ಉಳಿದ ಮೂರೂ ಎರಡು ಸಲವೂ ಕೇಳಿದವು. ಅಂದರೆ ಬಾಕ್ಸ್ ಆರ್ಡರ್ ತಗೊಳ್ತಾ ಇದೆ, ಕೊಡ್ತಾನೂ ಇದೆ. ಕಾರಣ ಒಂದಲ್ಲ, ಎರಡು. ಒಂದಕ್ಕೊಂದು ಸಂಬಂಧ ಇಲ್ಲ. ಹನ್ನೆರಡು ವರ್ಷ ಹಳೇ ಗಾಡಿಯಲ್ಲಿ ಎರಡು ಸಣ್ಣ ಭಾಗ ಒಂದೇ ಕಾಲಕ್ಕೆ ಕೆಡೋದು ವಿಚಿತ್ರ ಏನಲ್ಲ. ಮೊದಲನೆಯದು ಕೆಟ್ಟಿದ್ದು ಯಾರ ಗಮನಕ್ಕೂ ಬಂದಿರೋದಿಲ್ಲ, ಅಷ್ಟೇ. ಬೀಪ್ ಬರ್ತಾ ಇತ್ತಲ್ಲ!

ಸುಳ್ಳು ಹೇಳೋ ಸೆಲ್

ರಿಮೋಟಿನಿಂದ ಶುರು ಮಾಡಿದೆವು. ಇಲ್ಲಿ ಹಲವರು ಮಾಡೋ ಒಂದು ಟೆಸ್ಟ್ ಇದೆ: ಟಿವಿ ರಿಮೋಟಿನ ಹಾಗೆ ಮೊಬೈಲ್ ಕ್ಯಾಮೆರಾ ಮುಂದೆ ಹಿಡಿದು ಒತ್ತಿ, ಬೆಳಕು ಕಾಣುತ್ತಾ ಅಂತ ನೋಡೋದು. ಟಿವಿ ರಿಮೋಟ್ ಇನ್‌ಫ್ರಾರೆಡ್, ಕ್ಯಾಮೆರಾಗೆ ಕಾಣುತ್ತೆ. ಕಾರಿನ ಈ ರಿಮೋಟ್ ರೇಡಿಯೋ, 433.92 ಮೆಗಾಹರ್ಟ್ಸ್. ಕ್ಯಾಮೆರಾದಲ್ಲಿ ಏನೂ ಕಾಣೋದಿಲ್ಲ, ಕಾಣಬೇಕಾಗಿಯೂ ಇಲ್ಲ. ಇಸಿ ಡಿಪಾರ್ಟ್‌ಮೆಂಟಿನ ಗೆಳೆಯರ ಹತ್ತಿರ ಯುಎಸ್‌ಬಿ ಎಸ್‌ಡಿಆರ್ ಡಾಂಗಲ್ ಇದ್ದರೆ ಆ ಫ್ರೀಕ್ವೆನ್ಸಿಯಲ್ಲಿ ಸಿಗ್ನಲ್ ಏಳೋದನ್ನ ಸ್ಕ್ರೀನ್ ಮೇಲೇ ನೋಡಬಹುದು. ಇನ್ನೂ ಸುಲಭದ ದಾರಿ ಸ್ಪೇರ್ ರಿಮೋಟ್. ಅದು ದೂರದಿಂದ ಕೆಲಸ ಮಾಡಿದರೆ ಮೊದಲ ರಿಮೋಟೇ ಅಪರಾಧಿ. ಎರಡೂ ಹತ್ತಿರದಿಂದ ಮಾತ್ರ ಕೆಲಸ ಮಾಡಿದರೆ ರಿಸೀವರ್ ಕಡೆ, ಅದರ ಆಂಟೆನಾ ವೈರಿನ ಕಡೆ ನೋಡಬೇಕು. ಚಿಕ್ಕಪ್ಪನ ಹತ್ತಿರ ಸ್ಪೇರ್ ಇರಲಿಲ್ಲ.

ರಿಮೋಟ್ ಬಿಚ್ಚಿದರೆ ಒಳಗೆ ಸಿಆರ್2032 ಬಟನ್ ಸೆಲ್. ಮಲ್ಟಿಮೀಟರ್ ಇಟ್ಟರೆ 2.94 ವೋಲ್ಟ್ ತೋರಿಸಿತು. ಸೆಲ್ ಮೇಲೆ ಬರೆದಿರೋದು 3 ವೋಲ್ಟ್. "ಸೆಲ್ ಚೆನ್ನಾಗೇ ಇದೆಯಲ್ಲ" ಅಂತ ಅಲ್ಲಿಗೇ ನಿಲ್ಲಿಸಿ, "ಹಾಗಾದ್ರೆ ರಿಮೋಟ್ ಬೋರ್ಡೇ ಹೋಗಿದೆ" ಅಂತ ತೀರ್ಮಾನ ಮಾಡೋದು ತುಂಬಾ ಸುಲಭ. ಎಷ್ಟೋ ಒಳ್ಳೇ ರಿಮೋಟುಗಳು ಕಸದ ಬುಟ್ಟಿಗೆ ಹೋಗೋ ಜಾಗ ಇದೇ.

ಮೀಟರ್ ಏನನ್ನ ಅಳೆಯಿತು ಅಂತ ಯೋಚಿಸಿ. ಸಾಮಾನ್ಯ ಡಿಜಿಟಲ್ ಮೀಟರಿನ ಇನ್‌ಪುಟ್ ರೆಸಿಸ್ಟೆನ್ಸ್ 10 ಮೆಗಾಓಮ್. ಅಂದರೆ ಸೆಲ್‌ನಿಂದ ಅದು ಎಳೆಯೋ ಕರೆಂಟ್ ಇಲ್ಲ ಅನ್ನುವಷ್ಟು ಕಡಿಮೆ. ರಿಮೋಟ್ ಸಿಗ್ನಲ್ ಕಳಿಸುವಾಗ ಎಳೆಯೋದು ಮಿಲಿಆಂಪಿಯರ್ ಲೆಕ್ಕದಲ್ಲಿ. ಬಟನ್ ಸೆಲ್ ಹಳೆಯದಾಗ್ತಾ ಹೋದ ಹಾಗೆ ಅದರ ವೋಲ್ಟೇಜ್ ತಕ್ಷಣ ಬೀಳೋದಿಲ್ಲ. ಒಳಗಿನ ರೆಸಿಸ್ಟೆನ್ಸ್ ಏರುತ್ತಾ ಹೋಗುತ್ತೆ. ಸುಮ್ಮನೆ ಕೂತಾಗ ಗಟ್ಟಿಮುಟ್ಟಾಗಿ ಕಾಣೋ ಮನುಷ್ಯ ಮೂಟೆ ಹೊರಿಸಿದಾಗ ಕುಸಿದ ಹಾಗೆ.

ಹಾಗಾದರೆ ಮೂಟೆ ಹೊರಿಸಿಯೇ ನೋಡೋಣ ಅಂತ 220 ಓಮ್ ರೆಸಿಸ್ಟರ್ ಒಂದನ್ನ ಸೆಲ್‌ಗೆ ಅಡ್ಡಲಾಗಿ ಎರಡು ಸೆಕೆಂಡ್ ಹಿಡಿದೆವು. ವೋಲ್ಟೇಜ್ 2.94ರಿಂದ 2.10ಕ್ಕೆ ಬಿತ್ತು. ಲೆಕ್ಕ ಸರಳ. 2.10 ವೋಲ್ಟನ್ನ 220ರಿಂದ ಭಾಗಿಸಿದರೆ ಕರೆಂಟ್ ಸುಮಾರು 9.5 ಮಿಲಿಆಂಪಿಯರ್. ಒಳಗೇ ಕಳೆದುಹೋದ ವೋಲ್ಟೇಜ್ 0.84. ಅದನ್ನ ಈ ಕರೆಂಟಿನಿಂದ ಭಾಗಿಸಿದರೆ ಒಳ ರೆಸಿಸ್ಟೆನ್ಸ್ ಸುಮಾರು 88 ಓಮ್. ಕ್ಯಾಂಪಸ್ ಗೇಟಿನ ಎದುರಿನ ವಾಚ್ ಅಂಗಡಿಯಿಂದ ತಂದ ಹೊಸ ಸೆಲ್‌ಗೂ ಇದೇ ಟೆಸ್ಟ್ ಮಾಡಿದಾಗ 3.20ರಿಂದ 2.98ಕ್ಕೆ ಇಳಿದು ಅಲ್ಲೇ ನಿಂತಿತು. ಒಳ ರೆಸಿಸ್ಟೆನ್ಸ್ ಸುಮಾರು 16 ಓಮ್. ಮೀಟರ್ ಸುಮ್ಮನೆ ಇಟ್ಟಾಗ ಎರಡು ಸೆಲ್‌ಗೂ ಇದ್ದ ವ್ಯತ್ಯಾಸ ಕಾಲು ವೋಲ್ಟ್. ಲೋಡ್ ಹಾಕಿದಾಗ ಹೆಚ್ಚುಕಡಿಮೆ ಒಂದು ವೋಲ್ಟ್.

ಸೆಲ್ ಹಾಕೋ ಮುಂಚೆ ಅದು ಕೂರೋ ಲೋಹದ ಪಟ್ಟಿಗಳನ್ನ ಒರೆಸಿ, ಸಡಿಲವಾಗಿದ್ದ ಒಂದನ್ನ ಸ್ವಲ್ಪ ಬಗ್ಗಿಸಿ ಬಿಗಿ ಮಾಡಿದೆವು. ಅಲ್ಲಿ ಸಂಪರ್ಕ ಸರಿ ಇಲ್ಲದಿದ್ದರೆ ಹೊಸ ಸೆಲ್ ಕೂಡ ಹಳೆಯದರ ಹಾಗೇ ವರ್ತಿಸುತ್ತೆ. ಇನ್ನೊಂದು ಮಾತು. ಸೆಲ್ ಬದಲಾಯಿಸಿದ ಮೇಲೆ ಮೊದಲ ಸಲ ಒತ್ತಿದಾಗ ಕೆಲಸ ಮಾಡದಿದ್ದರೆ ಗಾಬರಿ ಬೇಡ. ಇಂಥ ರಿಮೋಟ್ ಪ್ರತಿ ಸಲವೂ ಬೇರೆ ಕೋಡ್ ಕಳಿಸುತ್ತೆ. ಕಾರಿನ ರಿಸೀವರ್ ಮುಂದೆ ಬರಬೇಕಾದ ಕೋಡುಗಳ ಒಂದು ಸಣ್ಣ ಕಿಟಕಿಯನ್ನ ಮಾತ್ರ ಒಪ್ಪಿಕೊಳ್ಳುತ್ತೆ. ಬಹಳ ಬಳಕೆಯಲ್ಲಿರೋ ಕೀಲಾಕ್ ಪದ್ಧತಿಯಲ್ಲಿ ಆ ಕಿಟಕಿ ಸಾಮಾನ್ಯವಾಗಿ 16 ಕೋಡಿನದು. ಕಾರು ದೂರ ಇದ್ದಾಗ ಜೇಬಿನಲ್ಲೋ ಮಕ್ಕಳ ಕೈಯಲ್ಲೋ ಅದಕ್ಕಿಂತ ಹೆಚ್ಚು ಸಲ ಬಟನ್ ಒತ್ತಿದ್ದರೆ ರಿಮೋಟ್ ಮುಂದೆ ಹೋಗಿಬಿಟ್ಟಿರುತ್ತೆ. ಆಗ ಬೆನ್ನುಬೆನ್ನಿಗೆ ಎರಡು ಸಲ ಒತ್ತಿದರೆ ರಿಸೀವರ್ ಮತ್ತೆ ಹೊಂದಿಕೊಳ್ಳುತ್ತೆ.

ಹೊಸ ಸೆಲ್ ಹಾಕಿದ ಮೇಲೆ ರಿಮೋಟ್ ಇಪ್ಪತ್ತು ಹೆಜ್ಜೆ ದೂರದಿಂದ ಕೆಲಸ ಮಾಡಿತು. ಬೀಪ್ ಬಂತು, ಮೂರು ಬಾಗಿಲು ಲಾಕ್ ಆದವು. ಹಿಂದಿನ ಎಡಬಾಗಿಲು? ಚೌಕ ಹೇಳಿದ ಹಾಗೇ, ಅಲುಗಾಡಲಿಲ್ಲ.

ಸುಳ್ಳು ಹೇಳೋ ವೈರು

ಬಾಗಿಲ ಕಡೆ ಹೋದಾಗ ಮೊದಲು ಉಪಯೋಗಿಸಬೇಕಾದ ಉಪಕರಣ ಕಿವಿ. ಒಬ್ಬರು ಕೀ ತಿರುಗಿಸಲಿ, ಇನ್ನೊಬ್ಬರು ಡೋರ್ ಪ್ಯಾಡಿಗೆ ಕಿವಿ ಇಡಲಿ. 'ಟಕ್' ಅಂದು ನಾಬ್ ಪೂರ್ತಿ ಇಳಿಯದಿದ್ದರೆ ಲಾಕ್ ಬಿಗಿಯಾಗಿದೆ, ಗ್ರೀಸ್ ಒಣಗಿದೆ ಅಥವಾ ವೋಲ್ಟೇಜ್ ಸಾಲುತ್ತಿಲ್ಲ. 'ಗುಂಯ್' ಅಂತ ಮೋಟರ್ ತಿರುಗಿದ ಸದ್ದು ಬಂದು ನಾಬ್ ಅಲುಗದಿದ್ದರೆ ಒಳಗಿನ ಪ್ಲಾಸ್ಟಿಕ್ ಗೇರ್ ಮುರಿದಿದೆ ಇಲ್ಲವೇ ಕಡ್ಡಿ ಕಳಚಿದೆ. ಏನೂ ಸದ್ದಿಲ್ಲ ಅಂದರೆ ಮೋಟರಿಗೆ ಕರೆಂಟೇ ಬರ್ತಿಲ್ಲ ಅಥವಾ ಮೋಟರೇ ಸತ್ತಿದೆ. ನಮ್ಮ ಬಾಗಿಲು ಪೂರ್ತಿ ಮೌನ. ಕೈಯಿಂದ ನಾಬ್ ಎಳೆದು ಒತ್ತಿದರೆ ಹಗುರವಾಗಿ ಆಡ್ತಿತ್ತು, ಹಾಗಾಗಿ ಲಾಕ್ ಜಾಮ್ ಆಗಿಲ್ಲ.

ಚೌಕದಲ್ಲಿ ಇನ್ನೊಂದು ಸುಳಿವೂ ಇತ್ತು. ಈ ಬಾಗಿಲು ಲಾಕ್ ಕೂಡ ಆಗ್ತಿರಲಿಲ್ಲ, ಅನ್‌ಲಾಕ್ ಕೂಡ ಆಗ್ತಿರಲಿಲ್ಲ. ಈ ಮೋಟರಿಗೆ ಇರೋದು ಎರಡೇ ವೈರು, ನೀಲಿ ಮತ್ತು ಹಸಿರು. ಸುಮ್ಮನಿದ್ದಾಗ ಎರಡೂ ಗ್ರೌಂಡಿನಲ್ಲಿರುತ್ತವೆ. ಲಾಕ್ ಮಾಡುವಾಗ ಬಾಕ್ಸ್ ಒಂದು ವೈರಿಗೆ ಸೆಕೆಂಡಿಗಿಂತ ಕಡಿಮೆ ಹೊತ್ತು 12 ವೋಲ್ಟ್ ಕೊಡುತ್ತೆ, ಇನ್ನೊಂದು ಗ್ರೌಂಡಿನಲ್ಲೇ ಇರುತ್ತೆ. ಅನ್‌ಲಾಕ್ ಮಾಡುವಾಗ ಅದೇ ತಿರುಗುಮುರುಗು. ಎರಡು ಕೆಲಸಕ್ಕೂ ಎರಡು ವೈರೂ ಬೇಕು. ಒಂದು ತುಂಡಾದರೆ ಎರಡೂ ನಿಲ್ಲುತ್ತವೆ. ಹಾಗಾಗಿ ಒಂದು ಬಾಗಿಲು ಲಾಕ್ ಆಗುತ್ತೆ, ಅನ್‌ಲಾಕ್ ಮಾತ್ರ ಆಗಲ್ಲ ಅಂದರೆ ವೈರನ್ನ ಕೊನೆಗೆ ನೋಡಿ, ಲಾಕಿನ ಬಿಗಿಯನ್ನ ಮೊದಲು ನೋಡಿ.

ಡೋರ್ ಪ್ಯಾಡ್ ಬಿಚ್ಚಿ ಮೋಟರಿನ ಕನೆಕ್ಟರ್ ಕಳಚಿ, ವೈರು ಕಡೆ ಮೀಟರ್ ಇಟ್ಟೆವು. ಪಲ್ಸ್ ಸಣ್ಣದಾದ್ದರಿಂದ ಮೀಟರನ್ನ ಮ್ಯಾಕ್ಸ್ ಹೋಲ್ಡಿಗೆ ಹಾಕಬೇಕು. ಇಲ್ಲದಿದ್ದರೆ ಅಂಕಿ ನಿಲ್ಲೋ ಮುಂಚೆ ಪಲ್ಸ್ ಮುಗಿದಿರುತ್ತೆ. ಮೀಟರ್ 11.9 ತೋರಿಸಿತು. ವೋಲ್ಟೇಜ್ ಇದೆ, ಮೋಟರ್ ತಿರುಗ್ತಿಲ್ಲ. ಹಾಗಾದರೆ ಮೋಟರ್ ಸತ್ತಿದೆ ಅಂತ ತಾನೇ? ಇಲ್ಲೂ ಅದೇ ಬಲೆ.

ಮೀಟರ್ ತೆಗೆದು, ಅದೇ ಜಾಗಕ್ಕೆ ನಂಬರ್ ಪ್ಲೇಟ್ ಲೈಟಿನ 12 ವೋಲ್ಟ್, 5 ವಾಟ್ ಬಲ್ಬ್ ಒಂದನ್ನ ಎರಡು ವೈರು ಕಟ್ಟಿ ಹಿಡಿದೆವು. ಬಲ್ಬ್ ಹತ್ತಲಿಲ್ಲ. ಅದೇ ಬಲ್ಬನ್ನ ಕಂಟ್ರೋಲ್ ಬಾಕ್ಸಿನ ಹತ್ತಿರ ಹಿಡಿದಾಗ ಚೆನ್ನಾಗಿ ಮಿಂಚಿತು. ಅಲ್ಲಿ ಹತ್ತುತ್ತೆ, ಇಲ್ಲಿ ಹತ್ತಲ್ಲ. ಹಾಗಾದರೆ ತೊಂದರೆ ನಡುವಿನ ವೈರಿನಲ್ಲಿ. ಮೋಟರಿಗೆ ನೇರವಾಗಿ ಬ್ಯಾಟರಿಯಿಂದ ಫ್ಯೂಸ್ ಹಾಕಿದ ವೈರಿನಲ್ಲಿ ಒಂದು ಕ್ಷಣ ಮುಟ್ಟಿಸಿದಾಗ 'ಟಪ್' ಅಂತ ಓಡಿತು. ಮೋಟರ್ ಪೂರ್ತಿ ಆರೋಗ್ಯವಾಗಿತ್ತು.

ಎರಡರಲ್ಲಿ ಯಾವ ವೈರು ಅಂತ ತಿಳಿಯೋಕೆ ಬಲ್ಬಿನ ಒಂದು ತುದಿಯನ್ನ ಕಾರಿನ ಬಾಡಿಗೆ ಹಿಡಿದು, ಇನ್ನೊಂದು ತುದಿಯನ್ನ ಒಂದೊಂದೇ ವೈರಿಗೆ ಮುಟ್ಟಿಸಿದೆವು. ಲಾಕ್ ಕೊಟ್ಟಾಗ ನೀಲಿಯಲ್ಲಿ ಬಲ್ಬ್ ಹತ್ತಿತು. ಅನ್‌ಲಾಕ್ ಕೊಟ್ಟಾಗ ಹಸಿರಿನಲ್ಲಿ ಹತ್ತಬೇಕಿತ್ತು, ಹತ್ತಲಿಲ್ಲ. ಹಸಿರು ವೈರೇ ಕಾರಣ. ಬಾಗಿಲಿಗೂ ಪಿಲ್ಲರಿಗೂ ನಡುವೆ ಇರೋ ರಬ್ಬರ್ ಬೂಟ್ ಕಳಚಿ, ವೈರನ್ನ ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದಾಗ ಒಂದು ಕಡೆ ರಬ್ಬರ್ ಬ್ಯಾಂಡಿನ ಹಾಗೆ ಹಿಗ್ಗಿತು. ಹೊರಗಿನ ಪ್ಲಾಸ್ಟಿಕ್ ಇದೆ, ಒಳಗೆ ತಾಮ್ರ ಇಲ್ಲ. ಸೀಳಿ ನೋಡಿದರೆ ಎಳೆಗಳೆಲ್ಲ ತುಂಡಾಗಿ, ಹಸಿರು ಕಿಲುಬು ಹಿಡಿದ ಎರಡು ತುದಿಗಳು ಮುಟ್ಟಿಯೂ ಮುಟ್ಟದ ಹಾಗೆ ಕೂತಿದ್ದವು.

ಆ ಕಿಲುಬಿನ ಸಂಪರ್ಕವನ್ನ ಓಮ್‌ನಲ್ಲಿ ಅಳೆದರೆ ಬಾಗಿಲು ಅಲುಗಿಸಿದ ಹಾಗೆಲ್ಲ ಅಂಕಿ ಕುಣಿತಾ ಇತ್ತು, ಸುಮಾರು ಒಂದು ಕಿಲೋಓಮ್‌ನ ಆಸುಪಾಸು. ಈಗ ಮೊದಲ ಸೆಮಿಸ್ಟರಿನ ವೋಲ್ಟೇಜ್ ಡಿವೈಡರ್ ಲೆಕ್ಕ ಮಾಡಿ. 12 ವೋಲ್ಟ್, ನಡುವೆ 1000 ಓಮ್, ಕೊನೆಯಲ್ಲಿ 10 ಮೆಗಾಓಮ್‌ನ ಮೀಟರ್. ಮೀಟರಿಗೆ ಸಿಗೋದು ಹೆಚ್ಚುಕಡಿಮೆ ಪೂರ್ತಿ 12. ಈಗ ಮೀಟರ್ ಬದಲು ಮೋಟರ್ ಇಡಿ. ಅದರ ಕಾಯಿಲ್ ಸುಮಾರು 3 ಓಮ್ ಅಂದುಕೊಳ್ಳಿ.

```
V = 12 × 3 / (1000 + 3) ≈ 0.036
```

ಮೋಟರಿಗೆ ಸಿಗೋದು ಒಂದು ವೋಲ್ಟಿನ ಇಪ್ಪತ್ತೈದನೇ ಒಂದು ಭಾಗಕ್ಕಿಂತಲೂ ಕಡಿಮೆ. ಅದೇ ವೈರು, ಅದೇ ಬಾಕ್ಸ್. ಕೇಳಿದವರು ಯಾರು ಅನ್ನೋದರ ಮೇಲೆ ಉತ್ತರ ಬದಲಾಯಿತು. ರಿಮೋಟಿನ ಸೆಲ್ ಮಾಡಿದ್ದೂ ಇದನ್ನೇ, ಬಾಗಿಲ ವೈರು ಮಾಡಿದ್ದೂ ಇದನ್ನೇ. ಕಾರಣ ಎರಡಾದರೂ ರೋಗ ಒಂದೇ ಜಾತಿಯದು: ಸೀರೀಸಿನಲ್ಲಿ ಸೇರಿಕೊಂಡ ರೆಸಿಸ್ಟೆನ್ಸ್. ಲೋಡ್ ಇಲ್ಲದಾಗ ಅದು ಕಾಣೋದೇ ಇಲ್ಲ.

ವೈರು ಅಲ್ಲೇ ಯಾಕೆ ಮುರೀತು ಅಂತಲೂ ಹೇಳಬೇಕು. ಇದು ಮೆಕ್ಯಾನಿಕಲ್‌ನವರ ವಿಷಯ, ಫಟೀಗ್. ಸಾಮಾನ್ಯವಾಗಿ ಹೆಚ್ಚು ತೆರೆದು ಮುಚ್ಚೋ ಡ್ರೈವರ್ ಬಾಗಿಲಲ್ಲೇ ಇದು ಜಾಸ್ತಿ. ಚಿಕ್ಕಪ್ಪನ ಮನೆಯಲ್ಲಿ ಮಕ್ಕಳು, ಅಜ್ಜಿ ಎಲ್ಲ ಇಳಿಯೋದು ಫುಟ್‌ಪಾತ್ ಕಡೆಯ ಹಿಂದಿನ ಎಡಬಾಗಿಲಿಂದ. ದಿನಕ್ಕೆ ಹತ್ತು ಸಲ ಅಂದುಕೊಂಡರೂ ಹನ್ನೆರಡು ವರ್ಷಕ್ಕೆ ಸುಮಾರು 44 ಸಾವಿರ ಸಲ ಆ ವೈರು ಒಂದೇ ಜಾಗದಲ್ಲಿ ಬಗ್ಗಿದೆ. ಅದರ ಮೇಲೆ ಕಿಟ್ ಹಾಕಿದವರು ವೈರನ್ನ ಬಿಗಿಯಾಗಿ ಎಳೆದು ಕಟ್ಟಿದ್ದರು, ಬಾಗೋಕೆ ಸಡಿಲವೇ ಬಿಟ್ಟಿರಲಿಲ್ಲ.

ರಿಪೇರಿಯಲ್ಲೂ ಇದೇ ತಿಳಿವಳಿಕೆ ಬೇಕು. ತುಂಡಾದ ಎರಡು ತುದಿ ಹೊಸೆದು, ಬೆಸುಗೆ ಹಾಕಿ, ಟೇಪ್ ಸುತ್ತಿ ಬೂಟಿನೊಳಗೆ ತುರುಕಿದರೆ ಕೆಲಸ ಆಗುತ್ತೆ, ಆದರೆ ಹೆಚ್ಚು ದಿನ ಅಲ್ಲ. ಬೆಸುಗೆ ಎಳೆಗಳ ಒಳಗೆ ಹರಿದು ಆ ಜಾಗವನ್ನ ಕಡ್ಡಿಯ ಹಾಗೆ ಗಟ್ಟಿ ಮಾಡುತ್ತೆ. ಬೆಸುಗೆ ಮುಗಿಯೋ ಅಂಚಿನಲ್ಲಿ ಮತ್ತೆ ಮುರಿಯುತ್ತೆ. ಸರಿಯಾದ ದಾರಿ ಅಂದರೆ ತೆಳು ಎಳೆಗಳ ಮೆತ್ತನೆಯ ವೈರಿನ ಹೊಸ ತುಂಡು ಒಂದನ್ನ ಬೂಟಿನ ಮೂಲಕ ಹಾಯಿಸಿ, ಜಾಯಿಂಟುಗಳನ್ನ ಬಾಗದ ಜಾಗದಲ್ಲಿ ಹಾಕೋದು. ಒಂದು ಪಿಲ್ಲರಿನ ಒಳಗೆ, ಇನ್ನೊಂದು ಬಾಗಿಲಿನ ಒಳಗೆ. ಜಾಯಿಂಟಿಗೆ ಕ್ರಿಂಪ್, ಮೇಲೆ ಹೀಟ್ ಶ್ರಿಂಕ್. ಬೂಟಿನೊಳಗೆ ಸ್ವಲ್ಪ ಸಡಿಲ ಬಿಡಬೇಕು. ನೀಲಿ ವೈರೂ ಅಷ್ಟೇ ಸಲ ಬಗ್ಗಿದೆ, ಹಾಗಾಗಿ ಅದನ್ನೂ ಜೊತೆಗೇ ಬದಲಾಯಿಸಿದೆವು. ಬಾಗಿಲು ಪೂರ್ತಿ ತೆರೆದು, ಅರ್ಧ ತೆರೆದು, ಮುಚ್ಚಿ, ಮೂರೂ ಸ್ಥಿತಿಯಲ್ಲಿ ಟೆಸ್ಟ್ ಮಾಡಿದ ಮೇಲೇ ಪ್ಯಾಡ್ ಹಾಕಿದ್ದು.

ಒಂದು ಎಚ್ಚರಿಕೆಯನ್ನ ಇಲ್ಲೇ ಹೇಳಿಬಿಡ್ತೀವಿ. ಇದು ಹಳೇ ಕಾರಿನ ಸರಳ ಕಿಟ್ಟಿನ ಲೆಕ್ಕ. ಹೊಸ ಕಾರುಗಳ ಬಾಗಿಲಿನಲ್ಲಿ ಸೈಡ್ ಏರ್‌ಬ್ಯಾಗಿನ ಸೆನ್ಸರ್ ಇರಬಹುದು. ಹಳದಿ ಕನೆಕ್ಟರ್ ಕಂಡರೆ ಮುಟ್ಟಬೇಡಿ, ಬಲ್ಬ್ ಇಟ್ಟು ಪರೀಕ್ಷೆ ಮಾಡೋದಂತೂ ಬೇಡವೇ ಬೇಡ. ಕೆಲವು ಕಾರುಗಳಲ್ಲಿ ಬಾಗಿಲಿಗೊಂದು ಎಲೆಕ್ಟ್ರಾನಿಕ್ ಮಾಡ್ಯೂಲ್ ಇದ್ದು, ಆರ್ಡರ್ ಡೇಟಾ ರೂಪದಲ್ಲಿ ಬರುತ್ತೆ. ಅಲ್ಲಿ ಚೌಕ ಬರೆಯೋ ಹಂತದವರೆಗೆ ನಮ್ಮ ದಾರಿ ಸರಿ, ಅದರ ಮುಂದೆ ಸ್ಕ್ಯಾನರ್ ಬೇಕು.

ನಮ್ಮ ದೂರು

ಗ್ಯಾರೇಜಿನವರನ್ನ ಬೈಯೋದು ನಮ್ಮ ಉದ್ದೇಶ ಅಲ್ಲ. ಅವರ ಲೆಕ್ಕವೂ ಅರ್ಥ ಆಗುತ್ತೆ. ತುಂಡಾದ ಒಂದು ವೈರು ಹುಡುಕೋಕೆ ನಮಗೆ ಒಂದು ಮಧ್ಯಾಹ್ನ ಹಿಡೀತು. ಖರ್ಚಾದದ್ದು ಒಂದು ಬಟನ್ ಸೆಲ್, ಒಂದು ಮೀಟರ್ ವೈರು, ನಾಲ್ಕು ಕ್ರಿಂಪ್. ಆ ಮಧ್ಯಾಹ್ನಕ್ಕೆ ಮೆಕ್ಯಾನಿಕ್ ದುಡ್ಡು ಕೇಳಿದರೆ, "ಒಂದು ವೈರು ಜೋಡಿಸೋಕೆ ಅಷ್ಟು ದುಡ್ಡಾ?" ಅಂತ ನಮ್ಮ ಮನೆಯವರೇ ಜಗಳಕ್ಕೆ ನಿಲ್ಲುತ್ತಾರೆ. ಹೊಸ ಡಬ್ಬಿ ತೋರಿಸಿದರೆ ಮಾತಿಲ್ಲದೆ ಕೊಡ್ತಾರೆ. ಹುಡುಕೋ ಕೆಲಸಕ್ಕೆ ಬೆಲೆ ಕೊಡದೆ ವಸ್ತುವಿಗೆ ಮಾತ್ರ ಬೆಲೆ ಕೊಟ್ಟರೆ ಮೆಕ್ಯಾನಿಕ್ ವಸ್ತುವನ್ನೇ ಮಾರುತ್ತಾನೆ. ತಮಾಷೆ ಏನಂದ್ರೆ, ಇಲ್ಲಿ ಹೊಸ ಕಿಟ್ ಹಾಕಿದ್ದರೂ ಹೊಸ ರಿಮೋಟು, ಹೊಸ ವೈರು ಬಂದು ಎರಡೂ ತೊಂದರೆ ಮಾಯ ಆಗ್ತಿದ್ದವು. "ನೋಡಿದ್ರಾ, ಬಾಕ್ಸೇ ಹೋಗಿತ್ತು" ಅನ್ನೋ ತಪ್ಪು ಪಾಠ ಮಾತ್ರ ಎಲ್ಲರಿಗೂ ಉಳೀತಿತ್ತು. ಕಿಟ್ ಹಾಕುವವರು ಹಳೇ ವೈರನ್ನೇ ಉಳಿಸಿಕೊಂಡಿದ್ದರೆ ಆ ಬಾಗಿಲು ಹೊಸ ಬಾಕ್ಸಿನ ಮಾತನ್ನೂ ಕೇಳ್ತಿರಲಿಲ್ಲ.

ದೂರು ಇರೋದು ನಮ್ಮ ಲ್ಯಾಬಿನ ಮೇಲೆ. ಥೆವೆನಿನ್ ಪ್ರಮೇಯವನ್ನ ನಾವೆಲ್ಲ ಮಾಡಿದ್ದೀವಿ. ಬೋರ್ಡಿನ ಮೇಲೆ ಮೂರು ರೆಸಿಸ್ಟರ್, ಎರಡು ಸೋರ್ಸ್. ಓಪನ್ ಸರ್ಕ್ಯೂಟ್ ವೋಲ್ಟೇಜ್ ಅಳೆದು, ಒಳ ರೆಸಿಸ್ಟೆನ್ಸ್ ಕಂಡುಹಿಡಿದು, ಟೇಬಲ್ ತುಂಬಿ, ಸಹಿ ಹಾಕಿಸಿಕೊಂಡು ಬಂದಿದ್ದೀವಿ. ಆದರೆ ಓಪನ್ ಸರ್ಕ್ಯೂಟ್ ವೋಲ್ಟೇಜ್ ಸರಿಯಾಗಿದ್ದೂ ಸರ್ಕ್ಯೂಟ್ ಸತ್ತಿರಬಹುದು ಅನ್ನೋದು ಆ ರೆಕಾರ್ಡ್ ಬುಕ್ಕಿನಲ್ಲಿ ಎಲ್ಲೂ ಇಲ್ಲ. ನಮಗೆ ಕೊಡೋ ಸರ್ಕ್ಯೂಟುಗಳೆಲ್ಲ ಆರೋಗ್ಯವಂತ ಸರ್ಕ್ಯೂಟುಗಳು. ರೋಗಿಯನ್ನೇ ನೋಡದೆ ಡಾಕ್ಟರ್ ಆದ ಹಾಗೆ ಆಗಿದೆ ನಮ್ಮ ಕತೆ.

ಹಾಗಾಗಿ ನಾವು ಕೇಳೋದು ದೊಡ್ಡದೇನಲ್ಲ. ಗುಜರಿ ಅಂಗಡಿಯಿಂದ ಒಂದು ಹಳೇ ಕಾರಿನ ಬಾಗಿಲು ತಂದು ಬೇಸಿಕ್ ಎಲೆಕ್ಟ್ರಿಕಲ್ ಲ್ಯಾಬಿನಲ್ಲಿ ನಿಲ್ಲಿಸಿ. ಒಂದು ಕಿಟ್, ಒಂದು 12 ವೋಲ್ಟ್ ಸಪ್ಲೈ, ಒಂದು ಸವೆದ ಬಟನ್ ಸೆಲ್. ಹಸಿರು ವೈರಿನಲ್ಲಿ ಯಾರಿಗೂ ಕಾಣದ ಹಾಗೆ ಒಂದು ಕಿಲೋಓಮ್ ರೆಸಿಸ್ಟರ್ ಬಚ್ಚಿಡಿ. ಮೀಟರ್, ಬಲ್ಬ್, 220 ಓಮ್ ರೆಸಿಸ್ಟರ್ ಕೊಟ್ಟು, "ಈ ಬಾಗಿಲು ಯಾಕೆ ಲಾಕ್ ಆಗ್ತಿಲ್ಲ, ರಿಮೋಟ್ ಯಾಕೆ ದೂರದಿಂದ ಕೆಲಸ ಮಾಡ್ತಿಲ್ಲ, ಹೇಳಿ" ಅಂತ ಬಿಡಿ. ಮೀಟರ್ 11.9 ತೋರಿಸಿದ ತಕ್ಷಣ ಮೋಟರ್ ಬದಲಾಯಿಸೋಕೆ ಹೊರಟವರಿಗೆ ಸೊನ್ನೆ. ಬಲ್ಬ್ ಹಿಡಿದು ನೋಡಿದವರಿಗೆ ಪೂರ್ತಿ ಮಾರ್ಕ್ಸ್.

ಅಲ್ಲಿಯವರೆಗೆ ಹಳೇ ಕಾರು ಇರೋರಿಗೆ ಒಂದು ಕೆಲಸ. ಇವತ್ತು ಗಾಡಿ ನಿಲ್ಲಿಸಿ ಬೀಪ್ ಕೇಳಿಸಿದ ಮೇಲೆ ಒಂದು ಸುತ್ತು ಬಂದು ನಾಲ್ಕೂ ಹ್ಯಾಂಡಲ್ ಎಳೆದು ನೋಡಿ. ಫೀಡ್‌ಬ್ಯಾಕ್ ವೈರು ಇಲ್ಲದ ಸಿಸ್ಟಮಿಗೆ ಸದ್ಯಕ್ಕೆ ನಿಮ್ಮ ಕೈಯೇ ಫೀಡ್‌ಬ್ಯಾಕ್.